ತೂಕದ ಮಾತಿರಲಿ, ಗೇಲಿ ಬೇಡ: ಭಾಷಣದ ನಂತರ ಬಂದ ಪ್ರಶ್ನೆಗಳು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ಶಿಬಿರಕ್ಕೆ ಮುಂಚೆ, ಕ್ಯಾಂಟೀನ್ ಹಾಲ್‌ನಲ್ಲಿ ಒಂದು ಚಿಕ್ಕ ಭಾಷಣ ಮಾಡಿದ್ದೆ. ಇಲ್ಲಿ ಉದ್ಯೋಗಿಗಳ ಆರೋಗ್ಯ ಕಾರ್ಯಕ್ರಮ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಭಾಷಣ ಮುಗಿದ ಮೇಲೆ ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟರು. ಇನ್ನು ಕೆಲವರು ಕಂಪನಿ ಬಸ್ಸಿಗೆ ಕಾಯುವಾಗ ಪಕ್ಕಕ್ಕೆ ಕರೆದು ಕೇಳಿದರು. ಪದೇ ಪದೇ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಾನು ಆ ದಿನ ರಜೆಯಲ್ಲಿದ್ದೆ. ಭಾಷಣದಲ್ಲಿ ಏನು ಹೇಳಿದಿರಿ?

ಮುಖ್ಯವಾದ ಭಾಗ ಇಷ್ಟು:

"ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಶಿಬಿರ ಇದೆ. ಬಿಪಿ, ಶುಗರ್, ತೂಕ, ಸೊಂಟದ ಸುತ್ತಳತೆ ನೋಡುತ್ತಾರೆ. ಹೋದ ಸಲದ ಶಿಬಿರದಲ್ಲಿ ಬಿಪಿ ನೋಡಿಸಿಕೊಳ್ಳಲು ಎಲ್ಲರೂ ನಿಂತಿದ್ದರು. ತೂಕದ ಮಷಿನ್ ಹತ್ತಿರ ಬಂದಾಗ ಕೆಲವರು ಮೆಲ್ಲಗೆ ಸಾಲು ಬಿಟ್ಟು ಹೋದರು. ಯಾಕೆ ಅಂತ ಆಮೇಲೆ ಕೇಳಿದೆ. 'ಹಿಂದೆ ನಿಂತವರು ನಂಬರ್ ಓದುತ್ತಾರೆ, ಆಮೇಲೆ ವಾರಪೂರ್ತಿ ಅದೇ ಮಾತು' ಅಂದರು. ಅವರಲ್ಲಿ ದಪ್ಪ ಇರುವವರೂ ಇದ್ದರು, ತೀರಾ ಸಣ್ಣ ಇರುವವರೂ ಇದ್ದರು.

ತೂಕದ ಬಗ್ಗೆ ಮಾತೇ ಆಡಬೇಡಿ ಅಂತ ನಾನು ಹೇಳುತ್ತಿಲ್ಲ. ಆಡಬೇಕು. ಶುಗರ್, ಬಿಪಿ, ಮಂಡಿ ನೋವು, ಗೊರಕೆ, ಎಲ್ಲಕ್ಕೂ ತೂಕಕ್ಕೂ ಸಂಬಂಧ ಇದೆ. ಆದರೆ ನಾವು ನಕ್ಕ ಮೇಲೆ ಆ ಮನುಷ್ಯ ತೂಕದ ವಿಷಯವನ್ನು ನಮ್ಮ ಹತ್ತಿರ ಮತ್ತೆ ಎತ್ತುವುದಿಲ್ಲ. ಡಾಕ್ಟರ್ ಹತ್ತಿರವೂ ಎತ್ತದೆ ಇರಬಹುದು. ಅದಕ್ಕೇ ಮೂರು ಕೇಳಿಕೆ. ಒಂದು, ಯಾರನ್ನೂ ಅವರ ಮೈ ನೋಡಿ ಹೆಸರಿಟ್ಟು ಕರೆಯಬೇಡಿ. ಎರಡು, ಹೇಳಲೇಬೇಕು ಅನಿಸಿದರೆ ಒಬ್ಬರೇ ಇದ್ದಾಗ, ಕೇಳಿಕೊಂಡು ಹೇಳಿ. ಮೂರು, ಅವರು ಬೇಡ ಅಂದರೆ ಅಲ್ಲಿಗೇ ಬಿಡಿ."

ಉಳಿದದ್ದು ಶಿಬಿರದ ಸಮಯ, ಜಾಗ, ಇಂಥ ವಿವರ.

ಸಲುಗೆಯಿಂದ ಹೇಳುವುದೂ ತಪ್ಪಾ? ನಾವು ಹತ್ತು ವರ್ಷದ ಗೆಳೆಯರು.

ಅತಿ ಹೆಚ್ಚು ಜನ ಕೇಳಿದ್ದು ಇದನ್ನೇ. ಡುಮ್ಮ, ಗುಂಡಮ್ಮ, ಡ್ರಮ್ಮು, ಕಡ್ಡಿ ಪೈಲ್ವಾನ್ ಅನ್ನುವ ಹೆಸರುಗಳು ನಮ್ಮ ಕಾರ್ಖಾನೆಯಲ್ಲಿ ಎಷ್ಟು ಬಳಕೆಯಲ್ಲಿವೆ ಅಂದರೆ, ಹೊಸದಾಗಿ ಸೇರಿದವರಿಗೆ ಕೆಲವರ ನಿಜವಾದ ಹೆಸರೇ ಗೊತ್ತಿಲ್ಲ. ಕರೆಸಿಕೊಂಡವರೂ ನಗುತ್ತಾರೆ, ನಿಜ. ಆದರೆ ಹತ್ತು ಜನರ ನಡುವೆ ನಗದೆ ಬೇರೆ ದಾರಿ ಏನಿದೆ? ಮುಖ ಸಿಂಡರಿಸಿದರೆ "ಅಷ್ಟಕ್ಕೇ ಬೇಜಾರಾ?" ಅಂತ ಇನ್ನೊಂದು ಸುತ್ತು ಶುರುವಾಗುತ್ತದೆ. ಹಾಗಾಗಿ ಅವರು ನಕ್ಕರು ಅನ್ನುವುದನ್ನು ಒಪ್ಪಿಗೆ ಅಂತ ತಿಳಿಯಬೇಡಿ.

ನಿಮ್ಮ ಗೆಳೆತನ ನಿಜವಾಗಿದ್ದರೆ ತಿಳಿದುಕೊಳ್ಳಲು ಸುಲಭದ ದಾರಿ ಇದೆ. ಇಬ್ಬರೇ ಇದ್ದಾಗ ನೇರವಾಗಿ ಕೇಳಿ: "ನಾನು ಹಾಗೆ ಕರೆಯೋದು ನಿನಗೆ ಇಷ್ಟಾನಾ?" ಉತ್ತರ ಬರುವ ಮುಂಚೆ ಒಂದು ಕ್ಷಣ ತಡವಾದರೂ ಆ ಹೆಸರು ಬಿಟ್ಟುಬಿಡಿ. ಅವರಿಗೆ ನಿಜವಾಗಿಯೂ ಪರವಾಗಿಲ್ಲ ಅಂತಲೇ ಇಟ್ಟುಕೊಳ್ಳೋಣ. ಪಕ್ಕದ ಮೇಜಿನಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುವವರು ಬೇರೆಯವರು. ಅವರಿಗೂ ಅಷ್ಟೇ ತೂಕ ಇರಬಹುದು.

ಬೈಗುಳದ ಹಾಗೆ ಕಾಣದ ಗೇಲಿಯೂ ಇದೆ. "ಮದುವೆ ಊಟ ಚೆನ್ನಾಗಿ ಮೈಗೆ ಹತ್ತಿದೆ." "ನಿಮ್ಮ ಮನೇಲಿ ಯಾವ ಅಕ್ಕಿ ಮೇಡಂ?" "ಇನ್ನೊಂದು ಮುದ್ದೆನಾ?" ಎಲ್ಲಕ್ಕಿಂತ ನೋವು ಕೊಡುವುದು, ಹೊಟ್ಟೆ ನೋಡಿ "ಎಷ್ಟು ತಿಂಗಳು?" ಅಂತ ಕೇಳುವುದು. ಗರ್ಭಿಣಿ ಅಲ್ಲದವರಿಗೆ ಈ ಪ್ರಶ್ನೆ ಬಿದ್ದರೆ ಹೇಗಿರುತ್ತದೆ ಯೋಚಿಸಿ. ಈಗಷ್ಟೇ ಗರ್ಭ ಕಳೆದುಕೊಂಡವರಿಗೆ ಬಿದ್ದರೆ? ಅವರಾಗಿ ಹೇಳುವವರೆಗೆ ಯಾರೂ ಇದನ್ನು ಕೇಳಬಾರದು. ಇದಕ್ಕೆ ಮಾತ್ರ ನಾನು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ.

ನಾಲ್ಕು ಜನ ನಕ್ಕರೆ ನಾಚಿಕೆಯಾಗಿ ತೂಕ ಇಳಿಸುತ್ತಾರೆ ಅಲ್ವಾ?

ಇಲ್ಲ. ಅನುಭವ ಮಾತ್ರ ಅಲ್ಲ, ಅಧ್ಯಯನಗಳೂ ಹೀಗೇ ಹೇಳುತ್ತವೆ. ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ ಸುಮಾರು 3,000 ಜನರನ್ನು ನಾಲ್ಕು ವರ್ಷ ಗಮನಿಸಿದ ಲೆಕ್ಕವನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ತೂಕದ ಕಾರಣಕ್ಕೆ ತಮ್ಮನ್ನು ಕೀಳಾಗಿ ಕಂಡಿದ್ದಾರೆ ಅಂತ ಹೇಳಿದವರ ತೂಕ ಸರಾಸರಿ ಒಂದು ಕೆ.ಜಿ.ಯಷ್ಟು ಏರಿತ್ತು. ಅಂಥ ಅನುಭವ ಇಲ್ಲ ಅಂದವರ ತೂಕ ಸ್ವಲ್ಪ ಇಳಿದಿತ್ತು. ಒಂದರಿಂದಲೇ ಇನ್ನೊಂದು ಆಯಿತು ಅಂತ ಇಂಥ ಅಧ್ಯಯನ ಸಾಬೀತು ಮಾಡಲಾರದು. ಆದರೆ ಅವಮಾನದಿಂದ ತೂಕ ಇಳಿಯುತ್ತದೆ ಅನ್ನುವ ನಂಬಿಕೆಗೆ ಇಲ್ಲಿ ಯಾವ ಆಧಾರವೂ ಸಿಗುವುದಿಲ್ಲ. 2020ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ, ತೂಕದ ಹೆಸರಿನ ಅವಮಾನ ಮೈಗೂ ಮನಸ್ಸಿಗೂ ಕೆಡುಕು ಅಂತ ಒಟ್ಟಾಗಿ ಹೇಳಿಕೆ ಕೊಟ್ಟರು.

ಹೀಗೇಕೆ ಆಗುತ್ತದೆ ಅನ್ನುವುದು ಕ್ಯಾಂಟೀನ್‌ನಲ್ಲೇ ಕಾಣುತ್ತದೆ. ತಟ್ಟೆ ನೋಡಿ ನಗುತ್ತಾರೆ ಅಂತ ಒಬ್ಬರು ಮಧ್ಯಾಹ್ನ ಅರ್ಧ ಊಟ ಮಾಡಿ ಎದ್ದುಹೋಗುತ್ತಾರೆ. ಸಂಜೆ ಹಸಿವು ತಡೆಯಲಾಗದೆ ಗೇಟಿನ ಹೊರಗೆ ಒಬ್ಬರೇ ನಿಂತು ಬಜ್ಜಿ ತಿನ್ನುತ್ತಾರೆ. ನಡೆಯಲು ಹೋದರೆ "ಓಹೋ, ಶುರು ಮಾಡಿದ್ರಾ?" ಅಂತ ಯಾರಾದರೂ ಕೂಗುತ್ತಾರೆ ಅಂತ ಊಟದ ಬಿಡುವಿನಲ್ಲಿ ಕುರ್ಚಿ ಬಿಟ್ಟು ಏಳುವುದಿಲ್ಲ. ತೂಕ ನೋಡುವಲ್ಲಿಗೆ ಬರುವುದಿಲ್ಲ. ಅಲ್ಲಿಗೆ ಬರದವರ ಶುಗರ್ ಕೂಡ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ತೂಕ ಬರೀ ಛಲದ ವಿಷಯ ಅಲ್ಲ. ತೂಕ ಇಳಿಯತೊಡಗಿದರೆ ದೇಹ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿ ಖರ್ಚನ್ನು ಕಡಿಮೆ ಮಾಡುತ್ತದೆ. ನಿದ್ದೆ ಕೆಟ್ಟರೆ ತಿನ್ನುವ ಆಸೆ ಜಾಸ್ತಿಯಾಗುತ್ತದೆ. ಇನ್ಸುಲಿನ್, ಸ್ಟೀರಾಯ್ಡ್, ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳು ತೂಕ ಏರಿಸುತ್ತವೆ. ಥೈರಾಯ್ಡ್ ಕಡಿಮೆಯಾದರೂ, ಹೆಣ್ಣುಮಕ್ಕಳಲ್ಲಿ ಹಾರ್ಮೋನ್ ಏರುಪೇರಾಗುವ ಪಿಸಿಒಎಸ್ ಇದ್ದರೂ ತೂಕ ಏರಬಹುದು. ಪಕ್ಕದಲ್ಲಿ ಕೂತವರು ಯಾವ ಮಾತ್ರೆ ನುಂಗುತ್ತಿದ್ದಾರೆ ಅಂತ ನಿಮಗೆ ಗೊತ್ತಿಲ್ಲ. ಅವರು ಹೇಳಬೇಕಾಗಿಯೂ ಇಲ್ಲ.

ಹಾಗಾದರೆ ಗೆಳೆಯರ ಬಗ್ಗೆ ಕಾಳಜಿ ಇದ್ದರೆ ವಿಷಯ ಹೇಗೆ ಎತ್ತುವುದು?

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನನ್ನ ಕಣ್ಣಿಗೆ ಬಿದ್ದದ್ದು ಅವರ ಆಕಾರವೋ, ಅವರ ತೊಂದರೆಯೋ? ಆಕಾರ ಮಾತ್ರ ಆಗಿದ್ದರೆ ಹೇಳುವುದಕ್ಕೆ ಏನೂ ಇಲ್ಲ. ಅವರ ಮನೆಯಲ್ಲೂ ಕನ್ನಡಿ ಇದೆ. ತೊಂದರೆ ಕಂಡಿದ್ದರೆ ಆ ತೊಂದರೆಯ ಬಗ್ಗೆ ಮಾತಾಡಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸ್ಟೋರ್ಸ್‌ನಲ್ಲಿ ನಲವತ್ತು ದಾಟಿದ ಒಬ್ಬರಿದ್ದಾರೆ. ವರ್ಷದಿಂದ ನೈಟ್ ಶಿಫ್ಟ್. ಇತ್ತೀಚೆಗೆ ಎರಡನೇ ಮಹಡಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾರೆ. "ಏನಣ್ಣಾ, ಎರಡು ಮಹಡಿಗೇ ಸುಸ್ತಾ? ಹೊಟ್ಟೆ ಕರಗಿಸಿ" ಅಂತ ಎಲ್ಲರ ಎದುರು ಹೇಳುವುದು ಸುಲಭ. ಅವರು ನಗುತ್ತಾರೆ, ನಾಳೆಯಿಂದ ಲಿಫ್ಟ್ ಹತ್ತುತ್ತಾರೆ. ಅಲ್ಲಿಗೆ ಮುಗಿಯಿತು.

ಅದರ ಬದಲು ಅವರು ಒಬ್ಬರೇ ಸಿಕ್ಕಾಗ ಹೀಗೆ ಕೇಳಬಹುದು: "ಅಣ್ಣಾ, ಎರಡು ಮೂರು ಸಲ ನೋಡಿದೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದ ಹಾಗೆ ಆಗ್ತಿತ್ತು. ಹುಷಾರಾಗಿದ್ದೀರಾ? ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಬಿಡ್ತೀನಿ." ಇದರಲ್ಲಿ ತೂಕ ಅನ್ನುವ ಮಾತೇ ಇಲ್ಲ, ನೋಡಿ. ಕಂಡದ್ದನ್ನು ಹೇಳಿದ್ದೀರಿ, ಬೇಡ ಅನ್ನಲು ಜಾಗ ಬಿಟ್ಟಿದ್ದೀರಿ. "ಏನಿಲ್ಲ ಬಿಡಪ್ಪ" ಅಂದರೆ "ಸರಿ ಅಣ್ಣಾ, ಬೇಕಾದಾಗ ಹೇಳಿ" ಅಂತ ಮುಂದೆ ಹೋಗಿ. ವಾರಕ್ಕೊಮ್ಮೆ ಅದನ್ನೇ ಕೇಳಬೇಡಿ.

ಅವರು ಬಾಯಿ ಬಿಟ್ಟರು ಅಂತಿಟ್ಟುಕೊಳ್ಳಿ. "ನೈಟ್‌ಗೆ ಹಾಕಿದ ಮೇಲೆ ಆರು ಕೆ.ಜಿ. ಜಾಸ್ತಿ ಆಗಿದೆ. ಡಾಕ್ಟರ್ ಹತ್ತಿರ ಹೋದರೆ ಮೊದಲು ತೂಕ ಇಳಿಸು ಅಂತ ಬೈತಾರೆ." ಇಲ್ಲಿ ನಮ್ಮ ಬಾಯಿ ತಡೆಯುವುದಿಲ್ಲ. "ರಾತ್ರಿ ಅನ್ನ ಬಿಡಿ, ಜೀರಿಗೆ ನೀರು ಕುಡಿಯಿರಿ, ನಮ್ಮ ಭಾವ ಹೀಗೆ ಮಾಡಿ ಹತ್ತು ಕೆ.ಜಿ. ಇಳಿಸಿದರು" ಅಂತ ಶುರು ಮಾಡುತ್ತೇವೆ. ದಯವಿಟ್ಟು ತಡೆದುಕೊಳ್ಳಿ. ಆ ಮನುಷ್ಯ ಇದನ್ನೆಲ್ಲ ಹತ್ತಾರು ಸಲ ಕೇಳಿರುತ್ತಾರೆ, ಕೆಲವನ್ನು ಮಾಡಿಯೂ ನೋಡಿರುತ್ತಾರೆ. "ಇಷ್ಟು ದಿನ ಏನೇನು ಮಾಡಿ ನೋಡಿದ್ರಿ? ಯಾವುದು ಕಷ್ಟ ಆಯ್ತು?" ಅಂತ ಕೇಳಿ. ಬೆಳಿಗ್ಗೆ ಮನೆಗೆ ಹೋದಾಗ ಮಕ್ಕಳು ಸ್ಕೂಲಿಗೆ ಹೊರಡುವ ಗಲಾಟೆ, ಮಲಗುವುದು ನಾಲ್ಕು ಗಂಟೆ ಮಾತ್ರ ಅನ್ನುವ ಸಂಗತಿ ಹೊರಬಂದರೆ, ಅವರ ಸಮಸ್ಯೆ ಅನ್ನದಲ್ಲಿಲ್ಲ, ನಿದ್ದೆಯಲ್ಲಿರಬಹುದು ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಶಿಫ್ಟ್ ಬದಲಾವಣೆ ಕೇಳುವುದು ಜೀರಿಗೆ ನೀರಿಗಿಂತ ದೊಡ್ಡ ಸಹಾಯ ಆಗಬಹುದು.

ಕೊನೆಗೆ ಒಂದು ಚಿಕ್ಕ ಹೆಜ್ಜೆ: "ಬುಧವಾರ ಶಿಬಿರಕ್ಕೆ ನಾನೂ ಹೋಗ್ತೀನಿ. ಒಟ್ಟಿಗೆ ಹೋಗೋಣ್ವಾ?" ಇಷ್ಟೇ ಸಾಕು. ಉಳಿದದ್ದು ಅವರಿಗೂ ಡಾಕ್ಟರಿಗೂ ಬಿಟ್ಟದ್ದು.

ಒಂದು ಎಚ್ಚರಿಕೆ ಇದೆ. ಏದುಸಿರಿಗೆ ತೂಕವೇ ಕಾರಣ ಅಂತ ನಾವು ತೀರ್ಮಾನ ಮಾಡಬಾರದು. ರಕ್ತ ಕಡಿಮೆ ಇದ್ದರೂ, ಆಸ್ತಮಾ ಇದ್ದರೂ, ಹೃದಯದ ತೊಂದರೆ ಇದ್ದರೂ ಹಾಗಾಗುತ್ತದೆ. ಎದೆ ನೋವು, ಎದೆ ಬಿಗಿತ, ತಣ್ಣನೆ ಬೆವರು ಜೊತೆಗಿದ್ದರೆ ಶಿಬಿರಕ್ಕೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತೂಕ ಇಳಿಸಿದವರನ್ನು ಹೊಗಳಬಹುದಲ್ವಾ?

ಅವರಾಗಿ "ನಡೀತಾ ಇದ್ದೀನಿ, ನಾಲ್ಕು ಕೆ.ಜಿ. ಇಳಿದಿದೆ" ಅಂತ ಹೇಳಿದರೆ ಖುಷಿಯಿಂದ ಹೊಗಳಿ. ಏನೂ ಹೇಳದವರನ್ನು ನೋಡಿ "ವಾಹ್, ಸಣ್ಣ ಆಗಿದ್ದೀರಿ, ಸೂಪರ್" ಅನ್ನಬೇಡಿ. ಬೇಕು ಅಂತ ಪ್ರಯತ್ನ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ ನೂರಕ್ಕೆ 5ರಷ್ಟು ಇಳಿದರೆ ಡಾಕ್ಟರಿಗೆ ತೋರಿಸಬೇಕು. 70 ಕೆ.ಜಿ. ಇರುವವರಿಗೆ ಅದು ಮೂರೂವರೆ ಕೆ.ಜಿ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಟಿಬಿ, ಜಾಸ್ತಿಯಾದ ಥೈರಾಯ್ಡ್, ಕ್ಯಾನ್ಸರ್, ಖಿನ್ನತೆ, ಯಾವುದೂ ಇರಬಹುದು. ಎಲ್ಲರೂ ಹೊಗಳುತ್ತಿದ್ದರೆ ಆ ವ್ಯಕ್ತಿಗೂ "ಒಳ್ಳೆಯದೇ ಆಯಿತು" ಅನಿಸಿ, ಪರೀಕ್ಷೆ ತಡವಾಗುತ್ತದೆ. "ಹೇಗಿದ್ದೀರಿ, ಆರಾಮಾ?" ಅಂದರೆ ಎರಡೂ ಥರದವರಿಗೆ ಸರಿಹೋಗುತ್ತದೆ.

ಸಣ್ಣಗಿರುವವರಿಗೆ "ಸ್ವಲ್ಪ ತಿನ್ನು, ಗಾಳಿಗೆ ಹಾರಿಹೋಗ್ತೀಯ" ಅಂದರೆ ಏನು ತಪ್ಪು?

ಅದೇ ತಪ್ಪು. ಈ ಪ್ರಶ್ನೆ ಬರೆದವರು ತಾವೇ ಇದನ್ನು ಕೇಳಿಸಿಕೊಂಡವರು ಅಂತ ನನ್ನ ಊಹೆ. ದಪ್ಪ ಇರುವವರಿಗೆ ನೋವಾಗುತ್ತದೆ ಅಂತ ಈಗೀಗ ಜನ ಒಪ್ಪುತ್ತಾರೆ. ಸಣ್ಣಗಿರುವವರಿಗೂ ಹಾಗೇ ಆಗುತ್ತದೆ ಅಂದರೆ ಇನ್ನೂ ನಗುತ್ತಾರೆ. ಕೆಲವರ ಮೈಕಟ್ಟೇ ಹಾಗೆ. ಕೆಲವರಿಗೆ ಮನೆಯಲ್ಲಿ ಊಟಕ್ಕೇ ಕಷ್ಟ ಇರಬಹುದು. ನಮ್ಮ ಗುತ್ತಿಗೆ ಕೆಲಸಗಾರರಲ್ಲಿ ಬೆಳಿಗ್ಗೆ ತಿಂಡಿ ಇಲ್ಲದೆ ಬರುವವರು ಇದ್ದಾರೆ.

ಆರೋಗ್ಯಕರ ತೂಕ ಅಂದರೆ ಎಷ್ಟು? ನನ್ನದು ಸರಿ ಇದೆಯಾ?

ಎರಡು ಅಳತೆ ಸಾಕು. ಮೊದಲನೆಯದು ಬಿಎಂಐ. ನಿಮ್ಮ ತೂಕವನ್ನು ಕೆ.ಜಿ.ಯಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಭಾರತೀಯರಿಗೆ ಡಾಕ್ಟರುಗಳು ಸಾಮಾನ್ಯವಾಗಿ 18.5ರಿಂದ 22.9ರವರೆಗೆ ಸರಿ ಅನ್ನುತ್ತಾರೆ. 23 ದಾಟಿದರೆ ಹೆಚ್ಚಿನ ತೂಕ, 25 ದಾಟಿದರೆ ಬೊಜ್ಜು. ಇಂಟರ್‌ನೆಟ್ಟಿನಲ್ಲಿ 25 ಮತ್ತು 30 ಅಂತ ಕಾಣುವುದು ಎಲ್ಲ ದೇಶಗಳಿಗೆ ಅನ್ವಯಿಸುವ ಸಾಮಾನ್ಯ ಗಡಿ. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಅದಕ್ಕೇ ಗಡಿ ಕೆಳಗಿದೆ.

ಎರಡನೆಯದು ಸೊಂಟದ ಸುತ್ತಳತೆ. ಪ್ಯಾಂಟಿನ ಅಳತೆ ಇದಕ್ಕೆ ಬರುವುದಿಲ್ಲ, ಯಾಕೆಂದರೆ ಪ್ಯಾಂಟನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಇಡಬೇಕು. ಟೇಪು ನೆಲಕ್ಕೆ ಸಮವಾಗಿರಬೇಕು. ಮಾಮೂಲಾಗಿ ಉಸಿರು ಬಿಟ್ಟ ಮೇಲೆ ಓದಬೇಕು, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಬಿಪಿ, ಶುಗರ್ ನೋಡಿಸಿಕೊಳ್ಳಬೇಕು.

ಸ್ಟೋರ್ಸ್‌ನ ಅಣ್ಣನ ಲೆಕ್ಕ ಮಾಡೋಣ. ಎತ್ತರ 165 ಸೆಂ.ಮೀ., ತೂಕ 74 ಕೆ.ಜಿ. ಅಂತಿಟ್ಟುಕೊಳ್ಳಿ. 74ನ್ನು 1.65ರಿಂದ ಎರಡು ಸಲ ಭಾಗಿಸಿದರೆ ಸುಮಾರು 27.2 ಬರುತ್ತದೆ. "ಬಿಎಂಐ 23ಕ್ಕೆ ಬರಬೇಕು" ಅಂದರೆ ಅವರು ಹನ್ನೊಂದು ಕೆ.ಜಿ.ಗಿಂತ ಜಾಸ್ತಿ ಇಳಿಸಬೇಕು. ಆ ನಂಬರ್ ಕೇಳಿದವರು ಮನೆಗೆ ಹೋಗಿ ಸುಮ್ನೆ ಕೂರುತ್ತಾರೆ. ಆದರೆ ಈಗಿನ ತೂಕದ ನೂರಕ್ಕೆ 5ರಷ್ಟು ಇಳಿದರೂ ಬಿಪಿ, ಶುಗರ್ ಮೇಲೆ ಒಳ್ಳೆಯ ಪರಿಣಾಮ ಕಾಣತೊಡಗುತ್ತದೆ. ಅವರಿಗೆ ಅದು 3.7 ಕೆ.ಜಿ. ತಿಂಗಳಿಗೆ ಒಂದು ಕೆ.ಜಿ.ಯಂತೆ ಇಳಿದರೂ ನಾಲ್ಕು ತಿಂಗಳಲ್ಲಿ ಮುಗಿಯುವ ಮಾತು.

ಬಿಎಂಐಗೆ ಮಿತಿಗಳಿವೆ. ಲೋಡಿಂಗ್ ಕೆಲಸ ಮಾಡಿ ಮೈ ಗಟ್ಟಿಯಾದವರಿಗೆ ಸ್ನಾಯುವಿನ ತೂಕವೇ ಹೆಚ್ಚು ಬಿಎಂಐ ತೋರಿಸಬಹುದು. ತೆಳ್ಳಗೆ ಕಂಡರೂ ಹೊಟ್ಟೆ ಮಾತ್ರ ಬಂದವರಿಗೆ ಬಿಎಂಐ ಸರಿಯಾಗೇ ಇದ್ದು, ಶುಗರ್ ಏರಿರಬಹುದು. ಗರ್ಭಿಣಿಯರಿಗೆ ಈ ಲೆಕ್ಕ ಹಾಕಬಾರದು. ಮೈ ನೋಡಿ ಆರೋಗ್ಯ ಅಳೆಯಲು ನಮ್ಮಿಂದ ಆಗುವುದಿಲ್ಲ. ಗೇಲಿ ಮಾಡುವವರು ಎಷ್ಟೋ ಸಲ ಆರೋಗ್ಯವಂತರನ್ನೇ ಗೇಲಿ ಮಾಡಿ, ಕಾಯಿಲೆ ಇರುವವರನ್ನು ಹೊಗಳುತ್ತಿರುತ್ತಾರೆ.

ಅಂದಹಾಗೆ, ಇದು ಕೆಲವರ ವಿಷಯ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದವರಲ್ಲಿ ನೂರಕ್ಕೆ ಸುಮಾರು 30 ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿತ್ತು. ಹೆಂಗಸರಲ್ಲೂ ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಶಿಬಿರದಲ್ಲಿ ನನ್ನ ತೂಕ ಬೇರೆಯವರಿಗೆ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಈ ಸಲ ಮಷಿನ್ ಪ್ರಥಮ ಚಿಕಿತ್ಸೆ ಕೋಣೆಯ ಒಳಗೆ, ಪರದೆಯ ಹಿಂದೆ ಇರುತ್ತದೆ. ಒಳಗೆ ಒಂದು ಸಲಕ್ಕೆ ಒಬ್ಬರೇ. ಹೆಂಗಸರ ಸೊಂಟದ ಅಳತೆಯನ್ನು ನರ್ಸ್ ಅಕ್ಕನೇ ತೆಗೆಯುತ್ತಾರೆ. ನಂಬರ್ ಕೂಗಿ ಹೇಳುವುದಿಲ್ಲ, ಚೀಟಿಯಲ್ಲಿ ಬರೆದು ನಿಮ್ಮ ಕೈಗೆ ಕೊಡುತ್ತಾರೆ. ನಂಬರ್ ನಿಮಗೂ ನೋಡಲು ಇಷ್ಟ ಇಲ್ಲ ಅಂದರೆ ಮಷಿನ್‌ಗೆ ಬೆನ್ನು ಮಾಡಿ ನಿಲ್ಲಬಹುದು. ತೂಕವೇ ಬೇಡ, ಬಿಪಿ ಶುಗರ್ ಮಾತ್ರ ಸಾಕು ಅಂದರೂ ಸರಿ. ಯಾರೂ ಯಾಕೆ ಅಂತ ಕೇಳುವುದಿಲ್ಲ.

ನಿಮ್ಮ ಸೂಪರ್‌ವೈಸರ್‌ಗೆ ಯಾವ ವಿವರವೂ ಹೋಗುವುದಿಲ್ಲ. ಮ್ಯಾನೇಜ್‌ಮೆಂಟಿಗೆ ಹೋಗುವುದು ಒಟ್ಟು ಲೆಕ್ಕ ಮಾತ್ರ. ಅದೂ ವಿಭಾಗವಾರು ಕೊಡುವುದಿಲ್ಲ. ನಾಲ್ಕೇ ಜನ ಇರುವ ವಿಭಾಗದಲ್ಲಿ "ಒಬ್ಬರಿಗೆ ಬೊಜ್ಜು" ಅಂತ ಬರೆದರೆ ಅದು ಹೆಸರು ಹೇಳಿದ ಹಾಗೇ.

ತೂಕ ಇಳಿಸುವ ಸ್ಪರ್ಧೆ ಇಡಿ, ಬಹುಮಾನ ಕೊಡಿ. ಜನಕ್ಕೆ ಹುರುಪು ಬರುತ್ತೆ.

ಈ ಸಲಹೆ ತುಂಬಾ ಚೀಟಿಗಳಲ್ಲಿ ಬಂದಿತ್ತು. ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಬಹುಮಾನ ಇದ್ದರೆ ಕೊನೆಯ ವಾರ ಊಟ ಬಿಡುವವರು, ಅಳತೆಯ ದಿನ ನೀರೇ ಕುಡಿಯದವರು ಹುಟ್ಟಿಕೊಳ್ಳುತ್ತಾರೆ. ಫರ್ನೇಸ್ ಪಕ್ಕ ಕೆಲಸ ಮಾಡುವವರು ನೀರು ಬಿಟ್ಟರೆ ತಲೆ ಸುತ್ತಿ ಬೀಳುತ್ತಾರೆ. ಶುಗರ್ ಮಾತ್ರೆ ನುಂಗುವವರು ಊಟ ಬಿಟ್ಟರೆ ಶುಗರ್ ತೀರಾ ಇಳಿದು ಅಪಾಯ ಆಗಬಹುದು. ಸ್ಪರ್ಧೆಗೆ ಬೋರ್ಡ್ ಹಾಕಲೇಬೇಕು. ಬೋರ್ಡ್ ಹಾಕಿದ ಮೇಲೆ ಯಾರ ತೂಕ ಇಳಿಯಲಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಾಗುತ್ತದೆ. ಗೇಲಿ ಬೇಡ ಅಂತ ಭಾಷಣ ಮಾಡಿ, ಗೇಲಿಗೆ ಪಟ್ಟಿ ತಯಾರು ಮಾಡಿಕೊಟ್ಟ ಹಾಗಾಗುತ್ತದೆ.

ತಕ್ಕಡಿಯೊಂದನ್ನೇ ನಂಬಿ ಕೂರಬಾರದು ಅನ್ನಲು ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಐನೂರಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಏನೂ ವಿಶೇಷ ಸಲಹೆ ಇಲ್ಲದ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ನಡಿಗೆ, ಊಟದ ಬದಲಾವಣೆ ಪಾಲಿಸಿದ ಗುಂಪಿನಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ಆದರೆ ಆ ಗುಂಪಿನ ತೂಕ ಗಮನಕ್ಕೆ ಬರುವಷ್ಟು ಇಳಿದಿರಲಿಲ್ಲ! ನಮ್ಮಲ್ಲಿ ಸ್ಪರ್ಧೆ ಇಟ್ಟಿದ್ದರೆ ಆ ಜನರೆಲ್ಲ ಸೋತವರ ಪಟ್ಟಿಯಲ್ಲಿ ಇರುತ್ತಿದ್ದರು.

ಊಟದ ನಂತರ ಹತ್ತು ನಿಮಿಷ ಕಾಂಪೌಂಡ್ ಸುತ್ತ ಗುಂಪಾಗಿ ನಡೆಯೋಣ ಅಂದರೆ ನಾನು ಸಿದ್ಧ. ಯಾರೂ ಹೆಜ್ಜೆ ಎಣಿಸುವುದು ಬೇಡ.

ಎಲ್ಲವನ್ನೂ ನಮ್ಮ ಮೇಲೇ ಹಾಕುತ್ತೀರಿ. ಕ್ಯಾಂಟೀನ್ ಕೊಡುವ ಊಟ ಹೇಗಿದೆ ನೋಡಿದ್ದೀರಾ?

ನ್ಯಾಯವಾದ ಮಾತು. ನೈಟ್ ಶಿಫ್ಟ್‌ನವರಿಗೆ ರಾತ್ರಿ ಸಿಗುವುದು ಬೋಂಡ ಮತ್ತು ಸಕ್ಕರೆ ಹಾಕಿಯೇ ಬರುವ ಟೀ. ಒಂದು ಲೋಟಕ್ಕೆ ಎರಡು ಚಮಚದಂತೆ ಐದು ಲೋಟ ಕುಡಿದರೆ ಸಕ್ಕರೆಯೇ 40-50 ಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇಡೀ ದಿನಕ್ಕೆ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಸಕ್ಕರೆಯನ್ನು ಬೇರೆಯಾಗಿ ಇಡಿ, ರಾತ್ರಿ ಬೋಂಡದ ಜೊತೆ ಉಸ್ಲಿ ಅಥವಾ ಮೊಟ್ಟೆಯನ್ನೂ ಇಡಿ, ಮುದ್ದೆಯ ಜೊತೆ ಸೊಪ್ಪಿನ ಸಾರು ದಿನವೂ ಇರಲಿ ಅಂತ ಕ್ಯಾಂಟೀನ್ ಸಮಿತಿಗೆ ಬರೆದು ಕೊಟ್ಟಿದ್ದೇನೆ. ಸಮಿತಿಯಲ್ಲಿ ನಿಮ್ಮ ಕಡೆಯವರೂ ಇದ್ದಾರೆ. ಅವರಿಗೆ ನೀವೂ ಹೇಳಿ, ಬೇಗ ಆಗುತ್ತದೆ.

ನನ್ನನ್ನೇ ಗೇಲಿ ಮಾಡುತ್ತಾರೆ. ಏನು ಹೇಳಲಿ?

ಉದ್ದ ಮಾತು ಬೇಡ. "ನನ್ನ ಮೈ ಬಗ್ಗೆ ಮಾತು ಬೇಡ, ಕೆಲಸದ ವಿಷಯ ಹೇಳಿ." ನಗದೆ, ಕೂಗದೆ ಒಂದು ಸಲ ಹೇಳಿ. ಕಾರಣ ಕೊಡಬೇಡಿ. "ನನಗೆ ಥೈರಾಯ್ಡ್ ಇದೆ" ಅಂತ ಶುರು ಮಾಡಿದರೆ ಅದರ ಮೇಲೂ ಚರ್ಚೆ ನಡೆಯುತ್ತದೆ, ಜೊತೆಗೆ ನಿಮ್ಮ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆ.

ಹೇಳಲು ಧೈರ್ಯ ಬರದಿದ್ದರೆ ಅದು ನಿಮ್ಮ ತಪ್ಪಲ್ಲ. ಇಲ್ಲಿ ಪಕ್ಕದಲ್ಲಿ ಕೂತವರ ಕೆಲಸ ದೊಡ್ಡದು. ಗೇಲಿ ಮಾಡಿದವರಿಗೆ ಬೇಕಾದದ್ದು ನಗು. ನೀವು ನಗದೆ "ಅದು ಬಿಡಿ, ನಾಳೆ ಬಸ್ ಎಷ್ಟು ಗಂಟೆಗೆ?" ಅಂತ ಮಾತು ತಿರುಗಿಸಿದರೂ ಸಾಕು. ಆಮೇಲೆ ಗೇಲಿ ಮಾಡಿದವರನ್ನು ಒಬ್ಬರೇ ಇದ್ದಾಗ ಹಿಡಿದು "ಅದು ಸರಿ ಹೋಗಲಿಲ್ಲ ಗುರು" ಅನ್ನಿ. ಎಲ್ಲರ ಮುಂದೆ ಬುದ್ಧಿ ಹೇಳಿದರೆ ಅವರಿಗೂ ಅವಮಾನ ಆಗುತ್ತದೆ, ಹಟ ಜಾಸ್ತಿಯಾಗುತ್ತದೆ.

ಸೂಪರ್‌ವೈಸರೇ ಹಾಗೆ ಮಾತಾಡಿದರೆ?

ದಿನಾಂಕ, ಜಾಗ, ಆಡಿದ ಮಾತು, ಅಲ್ಲಿದ್ದವರು ಯಾರು ಅಂತ ಬರೆದಿಟ್ಟುಕೊಳ್ಳಿ. ಎಚ್‌ಆರ್‌ಗೆ ಕೊಡಿ. ಅಲ್ಲಿಗೆ ಒಬ್ಬರೇ ಹೋಗಲು ಕಷ್ಟ ಆದರೆ ನಾನು ಜೊತೆಗೆ ಬರುತ್ತೇನೆ.

ಹೆಣ್ಣುಮಕ್ಕಳ ಮೈ ಬಗ್ಗೆ ಲೈಂಗಿಕ ಅರ್ಥ ಬರುವ ಹಾಗೆ ಮಾತಾಡಿದರೆ ಅದು 2013ರ ಕಾನೂನಿನ ಕೆಳಗೆ ಕೆಲಸದ ಜಾಗದ ಲೈಂಗಿಕ ಕಿರುಕುಳ ಆಗುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ನಮ್ಮ ಸಮಿತಿಯ ಸದಸ್ಯರ ಹೆಸರುಗಳು ಟೈಮ್ ಆಫೀಸ್ ಪಕ್ಕದ ಬೋರ್ಡಿನಲ್ಲಿವೆ. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು. ಗುತ್ತಿಗೆ ಮೇಲೆ ಬರುವವರೂ ದೂರು ಕೊಡಬಹುದು.

ನಮ್ಮ ಇನ್ನೊಂದು ಘಟಕದಲ್ಲೂ ಈ ಭಾಷಣ ಮಾಡಬೇಕು ಅಂತಿದ್ದೇನೆ. ಏನು ನೋಡಿಕೊಳ್ಳಬೇಕು?

ಹತ್ತು ನಿಮಿಷ ಮೀರಬೇಡಿ. ಊಟದ ತಟ್ಟೆ ಮುಂದಿಟ್ಟುಕೊಂಡು ಕೂತವರಿಗೆ ಈ ಭಾಷಣ ಬೇಡ, ಶಿಫ್ಟ್ ಶುರುವಾಗುವ ಮುಂಚೆ ಮಾಡಿ. ದಪ್ಪ ಇರುವವರನ್ನಾಗಲಿ ಸಣ್ಣ ಇರುವವರನ್ನಾಗಲಿ ಉದಾಹರಣೆಗೆ ಅಂತ ವೇದಿಕೆಗೆ ಕರೆಯಬೇಡಿ. ಮಾತಾಡುವಾಗ ಅವರ ಕಡೆ ನೋಡಿದರೂ ಸಭೆಯ ಕಣ್ಣೆಲ್ಲ ಆ ಕಡೆ ತಿರುಗುತ್ತದೆ. ಮುಂಚೆ ಹೀಗಿದ್ದರು, ಈಗ ಹೀಗಾದರು ಅನ್ನುವ ಜೋಡಿ ಫೋಟೋ ತೋರಿಸಬೇಡಿ. ಬಣ್ಣಿಸಿ ನಗಿಸುವ ಆಸೆಗೆ ಗೇಲಿಯ ಮಾತುಗಳನ್ನು ನಟನೆ ಮಾಡಿ ತೋರಿಸಲೂಬೇಡಿ. ಮಧ್ಯಾಹ್ನದೊಳಗೆ ಅವೇ ಮಾತು ಕ್ಯಾಂಟೀನ್‌ನಲ್ಲಿ ಓಡಾಡುತ್ತವೆ.

ಸೂಪರ್‌ವೈಸರ್‌ಗಳಿಗೆ ಹಿಂದಿನ ದಿನವೇ ಬೇರೆಯಾಗಿ ಹೇಳಿ. ಸಭೆಯಲ್ಲಿ ಮೊದಲು ಯಾರು ನಗುತ್ತಾರೆ, ಯಾರು ನಗುವುದಿಲ್ಲ ಅಂತ ಎಲ್ಲರೂ ಅವರನ್ನೇ ನೋಡುತ್ತಾರೆ. ಶಿಬಿರ ನಿಗದಿಯಾದ ಮೇಲೇ ಭಾಷಣ ಇಟ್ಟುಕೊಳ್ಳಿ, ಆಗ ಕೇಳಿದವರಿಗೆ ಮಾಡಲು ಒಂದು ಕೆಲಸ ಇರುತ್ತದೆ. ಪ್ರಶ್ನೆಗಳಿಗೆ ಕೈ ಎತ್ತಿ ಅನ್ನಬೇಡಿ, ಚೀಟಿ ಡಬ್ಬ ಇಡಿ. ಡಬ್ಬ ಎಲ್ಲರಿಗೂ ಕಾಣುವ ಜಾಗದಲ್ಲಿದ್ದರೆ ಚೀಟಿ ಬೀಳುವುದಿಲ್ಲ. ನಾವು ನೀರಿನ ಫಿಲ್ಟರ್ ಪಕ್ಕ ಇಟ್ಟಿದ್ದೇವೆ, ಅಲ್ಲಿಗೆ ಎಲ್ಲರೂ ಒಬ್ಬೊಬ್ಬರೇ ಹೋಗುತ್ತಾರೆ. ನೈಟ್ ಶಿಫ್ಟ್‌ನವರಿಗೆ ಇದೇ ಭಾಷಣವನ್ನು ರಾತ್ರಿಯೇ ಬಂದು ಇನ್ನೊಮ್ಮೆ ಮಾಡಿ, ಶಿಬಿರದ ಸಮಯವನ್ನೂ ಅವರು ಮನೆಗೆ ಹೊರಡುವ ಮುಂಚೆ, ಬೆಳಿಗ್ಗೆಗೇ ಇಡಿಸಿ.